ಹೊಸ ಕಾದಂಬರಿಯ ಬಿಡುಗಡೆ ಪೋಸ್ಟ್‌ಗಳು: ಆಯ್ದ ಭಾಗದಿಂದ ಮುಂಗಡ ಬುಕಿಂಗ್‌ವರೆಗೆ

ನಮ್ಮ ಮೈಸೂರು, ಮಂಡ್ಯ ಕಡೆಯ ಸಣ್ಣ ಪ್ರಕಾಶಕರು ಹೊಸ ಕಾದಂಬರಿ ತಂದಾಗ ಸಾಮಾನ್ಯವಾಗಿ ಮೂರು ಪೋಸ್ಟ್ ಹಾಕುತ್ತಾರೆ. ಮೊದಲು ಮುಖಪುಟ. ಆಮೇಲೆ ಆಹ್ವಾನ ಪತ್ರಿಕೆ. ಕೊನೆಗೆ ವೇದಿಕೆ ಮೇಲೆ ಎಲ್ಲರೂ ಪುಸ್ತಕ ಹಿಡಿದು ನಿಂತ ಫೋಟೊ. ಮೂರಕ್ಕೂ ಶುಭಾಶಯಗಳು ಧಾರಾಳವಾಗಿ ಬರುತ್ತವೆ. ಆದರೆ ಈ ಮೂರರಲ್ಲಿ ಎಲ್ಲೂ ಕಾದಂಬರಿಯ ಒಂದು ಪ್ಯಾರಾ ಇರುವುದಿಲ್ಲ. ಓದಬೇಕು ಅನ್ನಿಸಿದವರು ದುಡ್ಡು ಎಲ್ಲಿಗೆ ಕಳಿಸಬೇಕು ಅನ್ನುವುದೂ ಇರುವುದಿಲ್ಲ. ಈ ಎರಡನ್ನೂ ಸರಿಯಾಗಿ ಮಾಡುವುದು ಹೇಗೆ ಅಂತ ಇಲ್ಲಿ ಹೇಳುತ್ತೇನೆ.

ಉದಾಹರಣೆಗೆ ಒಂದು ಕಾದಂಬರಿಯನ್ನು ಕಲ್ಪಿಸಿಕೊಳ್ಳೋಣ. ಹೆಸರು 'ಕೊನೆಯ ಕೊಪ್ಪರಿಗೆ'. ಮಂಡ್ಯದ ಹತ್ತಿರ, ವಿ.ಸಿ. ನಾಲೆ ಬದಿಯ ಒಂದು ಆಲೆಮನೆಯ ಕಥೆ. 208 ಪುಟ, ಡೆಮಿ ಸೈಜು, ಬೆಲೆ 250 ರೂಪಾಯಿ, 500 ಪ್ರತಿ. ಪ್ರಕಾಶಕರು ಮೈಸೂರಿನವರು, ಮನೆಯ ಮುಂದಿನ ಕೋಣೆಯೇ ಆಫೀಸು. ಕೊನೆಯವರೆಗೂ ಇದೇ ಪುಸ್ತಕವನ್ನು ಹಿಡಿದುಕೊಂಡು ಹೋಗುತ್ತೇನೆ. ಇಲ್ಲಿ ಬರುವ ಲೆಕ್ಕಗಳೂ ಈ ಉದಾಹರಣೆಯವೇ. ನಿಮ್ಮ ಪುಸ್ತಕಕ್ಕೆ ನಿಮ್ಮ ಅಂಕಿ ಹಾಕಿಕೊಳ್ಳಿ.

ಮೊದಲು ಬೆಲೆ, ಆಮೇಲೆ ಬರವಣಿಗೆ

ಪೋಸ್ಟ್ ಬರೆಯುವ ಮುಂಚೆ ಓದುಗರು ಒಟ್ಟು ಎಷ್ಟು ಕೊಡಬೇಕು ಅನ್ನುವುದನ್ನು ತೀರ್ಮಾನಿಸಿ. ಇದು ಗಟ್ಟಿಯಾಗದೆ ಬರೆದ ಪೋಸ್ಟ್‌ನಲ್ಲಿ 'ವಿವರಗಳಿಗೆ ಸಂಪರ್ಕಿಸಿ' ಅನ್ನುವ ಸಾಲು ಬಂದು ಕೂರುತ್ತದೆ. ಆ ಸಾಲು ಓದಿ ಫೋನ್ ಮಾಡುವವರು ತುಂಬಾ ಕಡಿಮೆ.

ಅಂಚೆ ವೆಚ್ಚ ತಿಳಿಯಲು ಒಂದು ಡಮ್ಮಿ ಮಾಡಿ. ಪ್ರೆಸ್‌ನವರನ್ನು ಕೇಳಿದರೆ ಅದೇ ಕಾಗದದಲ್ಲಿ, ಅಷ್ಟೇ ಪುಟದ ಖಾಲಿ ಪುಸ್ತಕ ಕೊಡುತ್ತಾರೆ. ನಾವು ಕಳಿಸುವ ಹಾಗೇ ಪ್ಯಾಕ್ ಮಾಡಿ ಅಂಚೆ ಕಚೇರಿಯ ತಕ್ಕಡಿ ಮೇಲಿಟ್ಟು, ಬೆಂಗಳೂರಿಗೆಷ್ಟು, ಬೀದರ್‌ಗೆಷ್ಟು, ಮುಂಬೈಗೆಷ್ಟು ಅಂತ ಕೇಳಿ ಬರೆದುಕೊಳ್ಳಿ. ರಿಜಿಸ್ಟರ್ಡ್ ಪೋಸ್ಟ್ 2025ರಲ್ಲಿ ಸ್ಪೀಡ್ ಪೋಸ್ಟ್ ಜೊತೆ ಸೇರಿಹೋಗಿದೆ. ಹಾಗಾಗಿ ಹಳೇ ಪುಸ್ತಕಕ್ಕೆ ಹಾಕಿದ್ದ ಲೆಕ್ಕವನ್ನೇ ಇದಕ್ಕೂ ಹಾಕಬೇಡಿ. ಇನ್ನೊಂದು ವಿಷಯ. ಅಂಚೆ ದರ ತೂಕದ ಹಂತದ ಮೇಲೆ ನಿಂತಿದೆ. ಹತ್ತು ಗ್ರಾಂ ಜಾಸ್ತಿಯಾಗಿ ಮುಂದಿನ ಹಂತಕ್ಕೆ ಹೋಗುತ್ತಿದ್ದರೆ, ದಪ್ಪ ರಟ್ಟು ಬಿಟ್ಟು ತೆಳು ರಟ್ಟು ಹಾಕಿದರೂ ಸಾಕಾಗಬಹುದು.

ನಮ್ಮ ಪುಸ್ತಕಕ್ಕೆ ಪ್ಯಾಕಿಂಗ್ ಸೇರಿ ಸರಾಸರಿ 80 ರೂಪಾಯಿ ಬಿತ್ತು ಅಂತಿಟ್ಟುಕೊಳ್ಳಿ. ಈಗ ಎರಡು ದಾರಿ ಇವೆ. ಒಂದು, ಶೇ. 20 ರಿಯಾಯಿತಿ ಕೊಟ್ಟು ಅಂಚೆ ವೆಚ್ಚ ಬೇರೆ ಕೇಳುವುದು. ಓದುಗರು 200ಕ್ಕೆ 80 ಸೇರಿಸಿ 280 ಕೊಡಬೇಕು. ಇನ್ನೊಂದು, ಮುಖಬೆಲೆ 250ನ್ನೇ ತೆಗೆದುಕೊಂಡು ಅಂಚೆ ವೆಚ್ಚ ನಾವೇ ಹಾಕುವುದು. ಮೊದಲನೆಯದರಲ್ಲಿ ಕೈಗೆ 200 ಸಿಗುತ್ತದೆ, ಎರಡನೆಯದರಲ್ಲಿ 170. ಆದರೂ ನಾನು ಎರಡನೆಯದನ್ನೇ ಹೇಳುತ್ತೇನೆ. 250ರ ಪುಸ್ತಕಕ್ಕೆ 280 ಕೊಡುವಾಗ 'ರಿಯಾಯಿತಿ' ಅನ್ನುವ ಮಾತು ಯಾರಿಗೂ ನಿಜ ಅನ್ನಿಸುವುದಿಲ್ಲ. ಅಂಗಡಿಗೆ ಶೇ. 40 ಬಿಟ್ಟುಕೊಟ್ಟರೆ ನಮ್ಮ ಕೈಗೆ ಬರುವುದು 150, ಅದೂ ಎಷ್ಟೋ ತಿಂಗಳ ಮೇಲೆ. ಆ ಲೆಕ್ಕದಲ್ಲಿ 170 ನಷ್ಟವಲ್ಲ.

ಎರಡು ಪ್ರತಿ ಒಟ್ಟಿಗೆ ಕೊಂಡವರಿಗೆ 450 ಅನ್ನಿ. ಎರಡರ ಪೊಟ್ಟಣಕ್ಕೆ 110 ಖರ್ಚಾದರೆ ಉಳಿಯುವುದು 340, ಪ್ರತಿಗೆ ಅದೇ 170. ನಮಗೆ ವ್ಯತ್ಯಾಸವಿಲ್ಲ, ಓದುಗರಿಗೆ 50 ಉಳಿತಾಯ. ಅಕ್ಕನಿಗೊಂದು, ತನಗೊಂದು ಅಂತ ತೆಗೆದುಕೊಳ್ಳುವವರು ಇದ್ದೇ ಇರುತ್ತಾರೆ.

ಈ 170ರಲ್ಲಿ ಅಚ್ಚಿನ ಖರ್ಚು, ಲೇಖಕರ ಗೌರವಧನ ಎರಡೂ ಬರಬೇಕು ಅನ್ನುವುದು ನೆನಪಿರಲಿ. 500 ಪ್ರತಿಯ ಅಚ್ಚಿಗೆ 45,000 ಆಗುತ್ತದೆ ಅಂದರೆ, 133 ಪ್ರತಿ ಮುಂಗಡ ಹೋದರೆ ಅಚ್ಚಿನ ಅರ್ಧ ದುಡ್ಡು ಕೈಗೆ ಬಂದ ಹಾಗೆ. ಮೊದಲ ಸಲಕ್ಕೆ ಇದು ಒಳ್ಳೇ ಗುರಿ.

ದಿನಗಳನ್ನು ಹಿಂದಿನಿಂದ ಎಣಿಸಿ

ಪುಸ್ತಕ ಅಂಚೆಗೆ ಬೀಳುವ ದಿನವನ್ನು ಮೊದಲು ಗೊತ್ತುಮಾಡಿ, ಅಲ್ಲಿಂದ ಹಿಂದಕ್ಕೆ ಬನ್ನಿ. ಕೊನೆಯ ಕರಡು ತಿದ್ದಿ ಮುಗಿದು, ಐಎಸ್‌ಬಿಎನ್ ಕೈಗೆ ಬಂದು, ಪ್ರೆಸ್‌ನವರು ಇಂಥ ದಿನ ಕೊಡುತ್ತೇನೆ ಅಂದ ಮೇಲಷ್ಟೇ ಮುಂಗಡ ಬುಕಿಂಗ್ ತೆರೆಯಿರಿ. ಪ್ರೆಸ್ ಹೇಳಿದ ದಿನಕ್ಕೆ ಒಂದು ವಾರ ಸೇರಿಸಿ ಓದುಗರಿಗೆ ಹೇಳಿ. ದುಡ್ಡು ಕೊಟ್ಟವರು ಮೂರು ವಾರ ಆರಾಮಾಗಿ ಕಾಯುತ್ತಾರೆ. ಎರಡು ತಿಂಗಳಾದರೆ ಮುಂದಿನ ಪುಸ್ತಕಕ್ಕೆ ನಂಬುವುದಿಲ್ಲ.

ಜೂನ್ ಮೊದಲ ವಾರಗಳಲ್ಲಿ ಶಾಲೆಯ ಖರ್ಚಿನಿಂದ ಎಲ್ಲರ ಕೈ ಬಿಗಿ. ದಸರಾ ಸಮಯದಲ್ಲಿ ಮೈಸೂರಿನಲ್ಲಿ ಪ್ರೆಸ್‌ನವರಿಂದ ಹಿಡಿದು ಯಾರೂ ಕೈಗೆ ಸಿಗುವುದಿಲ್ಲ. ನವೆಂಬರ್‌ನಲ್ಲಿ ಎಲ್ಲ ಕಡೆ ರಾಜ್ಯೋತ್ಸವದ ರಿಯಾಯಿತಿ, ನಮ್ಮದು ಅದರ ನಡುವೆ ಕಳೆದುಹೋಗಬಹುದು. ಹಾಗಾಗಿ ನಮ್ಮ ಕಾದಂಬರಿಗೆ ಜುಲೈ ಇಟ್ಟುಕೊಳ್ಳೋಣ. ಜೂನ್ 26ಕ್ಕೆ ಮುಖಪುಟ. 30ಕ್ಕೆ ಮೊದಲ ಆಯ್ದ ಭಾಗ, ಕೊಳ್ಳಿ ಅನ್ನುವ ಮಾತಿಲ್ಲದೆ. ಜುಲೈ 3ಕ್ಕೆ ಬುಕಿಂಗ್ ಶುರು. ತಿಂಗಳ ಮೊದಲ ವಾರ ಸಂಬಳ ಬಂದಿರುತ್ತದೆ, ಅಲ್ವಾ? 10ಕ್ಕೆ ಎರಡನೇ ಭಾಗ, 17ಕ್ಕೆ ನೆನಪೋಲೆ, 19ರ ಭಾನುವಾರ ರಾತ್ರಿ ಮುಕ್ತಾಯ. 27ರ ಸೋಮವಾರ ಅಂಚೆಗೆ. ಬಿಡುಗಡೆ ಕಾರ್ಯಕ್ರಮ ಆಗಸ್ಟ್ 2ರ ಭಾನುವಾರ, ಮೈಸೂರಿನಲ್ಲಿ. ಮುಂಚೆಯೇ ದುಡ್ಡು ಕೊಟ್ಟವರಿಗೆ ಪುಸ್ತಕ ವೇದಿಕೆಗಿಂತ ಮೊದಲು ತಲುಪಬೇಕು. ಅದು ಅವರಿಗೆ ಸಲ್ಲಬೇಕಾದ ಮರ್ಯಾದೆ.

ಆಯ್ದ ಭಾಗ ಆರಿಸುವುದು

ಇಡೀ ಕೆಲಸದಲ್ಲಿ ಜಾಸ್ತಿ ಸಮಯ ಕೊಡಬೇಕಾದದ್ದು ಇದಕ್ಕೆ. ಮುನ್ನುಡಿಯ ಹೊಗಳಿಕೆ, ಬೆನ್ನುಡಿಯ ಸಾಲು, ಲೇಖಕರ ಪರಿಚಯ ಇವು ಯಾವುವೂ ಒಬ್ಬ ಅಪರಿಚಿತ ಓದುಗರ ಕೈಯಿಂದ 250 ರೂಪಾಯಿ ಹೊರಡಿಸುವುದಿಲ್ಲ. ಕಾದಂಬರಿಯ ಗದ್ಯ ಹೊರಡಿಸುತ್ತದೆ.

ಬಹಳ ಜನ ಮೊದಲ ಪುಟವನ್ನೇ ಹಾಕಿಬಿಡುತ್ತಾರೆ. ನಮ್ಮ ಕಾದಂಬರಿಯ ಮೊದಲ ಪುಟದಲ್ಲಿ ನಾಲೆಯ ಬೆಳಗು ಇದೆ, ಮಂಜು ಇದೆ, ಕಬ್ಬಿನ ಗದ್ದೆ ಇದೆ. ಪುಸ್ತಕ ಹಿಡಿದು ಕೂತವರು ಅದನ್ನು ಸಾವಧಾನವಾಗಿ ಓದುತ್ತಾರೆ. ಫೋನಿನಲ್ಲಿ ಬೆರಳಾಡಿಸುತ್ತಿರುವವರು ಮೂರನೇ ಸಾಲಿಗೇ ಮುಂದೆ ಹೋಗುತ್ತಾರೆ. ಇನ್ನು ಕೆಲವರು ಕಾದಂಬರಿಯ ಅತಿ ಭಾರವಾದ ಭಾಗ, ಸಾವೋ ಜಗಳವೋ, ಅದನ್ನು ಹಾಕುತ್ತಾರೆ. ಆ ಪಾತ್ರ ಯಾರು ಅಂತಲೇ ಗೊತ್ತಿಲ್ಲದವರಿಗೆ ಆ ಸಾವು ತಟ್ಟುವುದಿಲ್ಲ. ಜೊತೆಗೆ ಕಥೆಯ ಗುಟ್ಟೂ ಹೋಯಿತು.

ಹುಡುಕಬೇಕಾದದ್ದು ಪುಸ್ತಕದ ಮೊದಲ ಮೂರನೇ ಒಂದು ಭಾಗದಲ್ಲಿ. ಒಂದೇ ಜಾಗ, ಒಂದೇ ಹೊತ್ತು, ಎರಡೇ ಹೆಸರು. ಇಬ್ಬರಲ್ಲಿ ಒಬ್ಬರಿಗೆ ಗೊತ್ತಿರುವುದು ಇನ್ನೊಬ್ಬರಿಗೆ ಗೊತ್ತಿರಬಾರದು. ಉದ್ದ 50ರಿಂದ 120 ಪದ. ಕಾದಂಬರಿಯ ಪ್ರಿಂಟ್‌ಔಟ್ ತೆಗೆದುಕೊಂಡು, ಪೆನ್ಸಿಲ್ ಹಿಡಿದು, ಇಂಥ ಎಂಟು ಹತ್ತು ಜಾಗ ಗುರುತು ಮಾಡಿ. ಆಮೇಲೆ ಕಾದಂಬರಿ ಓದಿರದ ಒಬ್ಬರಿಗೆ ಗಟ್ಟಿಯಾಗಿ ಓದಿ ಹೇಳಿ. ಓದಿ ನಿಲ್ಲಿಸಿದಾಗ 'ಆಮೇಲೆ?' ಅಂತ ಕೇಳಿದರೆ ಅದು ನಿಮ್ಮ ಭಾಗ. 'ಚೆನ್ನಾಗಿದೆ' ಅಂದರೆ ಮುಂದಿನದಕ್ಕೆ ಹೋಗಿ.

ನಮ್ಮ ಕಾದಂಬರಿಯಿಂದ ಹೀಗೊಂದು ಸಿಕ್ಕಿತು ಅಂದುಕೊಳ್ಳಿ:

> "ಗಾಣ ನಿಲ್ಸು ಅಂದ್ನಲ್ಲ," ಅಂದಳು ಸಾಕಮ್ಮ.
>
> ಪುಟ್ಟಸ್ವಾಮಿ ನಿಲ್ಲಿಸಲಿಲ್ಲ. ಕಬ್ಬಿನ ಹಾಲು ಕೊಪ್ಪರಿಗೆಗೆ ಬೀಳುತ್ತಲೇ ಇತ್ತು.
>
> "ಇನ್ನ ಅರ್ಧ ಗಾಡಿ ಕಬ್ಬೈತೆ ಕಣವ್ವ."
>
> "ಅದ್ಯಾರ ಕಬ್ಬು?"
>
> ಅವನು ಒಲೆಯ ಕಡೆ ನೋಡಿದ. ಒಲೆಗೆ ಸಿಪ್ಪೆ ತುಂಬುತ್ತಿದ್ದ ಹುಡುಗ ಕೈ ನಿಲ್ಲಿಸಿ ಇಬ್ಬರನ್ನೂ ನೋಡಿದ.
>
> "ನಮ್ ಗದ್ದೇಲಿ ಕಬ್ಬು ಕಡ್ದು ಎಂಟು ದಿನ ಆಯ್ತು. ಇದ್ಯಾರ್ದ್ಲಾ?"
>
> "ತೋಪಿನ ಪಕ್ಕದ್ದು."
>
> ಸಾಕಮ್ಮ ಅಲ್ಲೇ ಬೆಲ್ಲದ ಅಚ್ಚಿನ ಮಣೆ ಮೇಲೆ ಕೂತುಬಿಟ್ಟಳು. ಆ ಗದ್ದೆಗೆ ಈ ಮನೆಯವರು ಕಾಲಿಡದೆ ಹನ್ನೊಂದು ವರ್ಷವಾಗಿತ್ತು.

ಯಾಕೆ ಕಾಲಿಟ್ಟಿಲ್ಲ ಅನ್ನುವುದು ಕಾದಂಬರಿಯಲ್ಲಿ ಮುಂದಿನ ಪ್ಯಾರಾದಲ್ಲೇ ಇದೆ. ಪೋಸ್ಟ್ ಅದಕ್ಕಿಂತ ಮುಂಚೆ ನಿಲ್ಲಬೇಕು. ಹಾಗಂತ ವಾಕ್ಯದ ನಡುವೆ ಕತ್ತರಿಸಿ ಮೂರು ಚುಕ್ಕಿ ಹಾಕಬೇಡಿ. ಪೂರ್ತಿ ವಾಕ್ಯಕ್ಕೇ ನಿಲ್ಲಿಸಿ. ಆಯ್ದ ಭಾಗದ ಬಲವೆಲ್ಲ ಅದರ ಕೊನೆಯ ವಾಕ್ಯದಲ್ಲಿ ಇರುತ್ತದೆ. ಹತ್ತರಲ್ಲಿ ಆರು ಸಲ ಒಂದೆರಡು ಸಾಲು ಮೊದಲೇ ನಿಲ್ಲಿಸಿದರೆ ಭಾಗ ಚೆನ್ನಾಗಿ ನಿಲ್ಲುತ್ತದೆ ಅನ್ನುವುದು ನನ್ನ ಅನುಭವ.

ಮಂಡ್ಯದ ಮಾತನ್ನು ಹಾಗೇ ಬಿಡಿ. 'ಇದು ಯಾರದು' ಅಂತ ತಿದ್ದಿ ಹಾಕಿದರೆ ಆಲೆಮನೆಯೇ ಮಾಯ. ಧಾರವಾಡದವರಿಗೆ, ಮಂಗಳೂರಿನವರಿಗೆ ಅರ್ಥವಾಗುವುದಿಲ್ಲ ಅನ್ನುವ ಭಯ ಬೇಡ. ಸಂದರ್ಭದಿಂದ ಅರ್ಥವಾಗುತ್ತದೆ. ಆಗದಿದ್ದರೆ ಅದು ಭಾಷೆಯ ತೊಂದರೆಯಲ್ಲ, ನೀವು ಆರಿಸಿದ ಜಾಗದ ತೊಂದರೆ.

ಆಯ್ದ ಭಾಗದ ಮೇಲೆ 'ಮನಮಿಡಿಯುವ', 'ಕಾಡುವ', 'ವಿಭಿನ್ನ' ಅಂತ ಏನನ್ನೂ ಬರೆಯಬೇಡಿ. ನೇರವಾಗಿ ಸಂಭಾಷಣೆಯಿಂದಲೇ ಪೋಸ್ಟ್ ಶುರುವಾಗಲಿ. ಫೇಸ್‌ಬುಕ್ ಉದ್ದದ ಪೋಸ್ಟ್‌ನ ಮೊದಲ ಕೆಲವು ಸಾಲು ಮಾತ್ರ ತೋರಿಸಿ ಉಳಿದದ್ದನ್ನು ಮಡಚಿಡುತ್ತದೆ. ಆ ಕೆಲವು ಸಾಲಿನಲ್ಲಿ 'ನಮ್ಮ ಪ್ರಕಾಶನದ ಹೆಮ್ಮೆಯ ಕೊಡುಗೆ' ಅಂತಿದ್ದರೆ ಮಡಿಕೆ ಬಿಚ್ಚುವವರು ಯಾರು? 'ಗಾಣ ನಿಲ್ಸು ಅಂದ್ನಲ್ಲ' ಅಂತಿದ್ದರೆ ಬಿಚ್ಚುತ್ತಾರೆ. ಪುಸ್ತಕದ ಹೆಸರು, ಲೇಖಕರ ಹೆಸರು ಕೆಳಗೆ ಒಂದು ಸಾಲಿನಲ್ಲಿ ಸಾಕು.

ಎರಡನೇ ಭಾಗ ಬೇರೆ ಥರದ್ದಾಗಿರಲಿ. ಮೊದಲನೆಯದು ಜಗಳದ ಅಂಚಿನಲ್ಲಿದ್ದರೆ, ಎರಡನೆಯದರಲ್ಲಿ ಒಂದು ಕೆಲಸ ಕಣ್ಣಿಗೆ ಕಟ್ಟಲಿ. ಪಾಕ ಹದಕ್ಕೆ ಬಂತೋ ಇಲ್ಲವೋ ಅಂತ ಸಾಕಮ್ಮ ತಣ್ಣೀರಿಗೆ ಒಂದು ತೊಟ್ಟು ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ ನೋಡುವ ಪ್ಯಾರಾ ಇದ್ದರೆ ಅದು ಸರಿಯಾದ ಆಯ್ಕೆ. ಊರು ಬಿಟ್ಟು ಬೆಂಗಳೂರಿನಲ್ಲಿರುವ ಮಂಡ್ಯದವರು ಹಂಚಿಕೊಳ್ಳುವುದು ಇದನ್ನೇ.

ಯಾವ ಭಾಗವೇ ಇರಲಿ, ಲೇಖಕರಿಗೆ ಮೊದಲೇ ತೋರಿಸಿ, ಒಪ್ಪಿಗೆಯನ್ನು ಬರಹದಲ್ಲಿ ತೆಗೆದುಕೊಳ್ಳಿ. ವಾಟ್ಸಾಪ್‌ನಲ್ಲಿ 'ಸರಿ' ಅಂದರೂ ಆಯಿತು. ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ಕಾದಂಬರಿಯಾದರೆ ಪತ್ರಿಕೆಯ ಷರತ್ತು ಏನಿತ್ತು ಅಂತ ಲೇಖಕರನ್ನು ಕೇಳಿ.

ಪುಟದಿಂದ ಪೋಸ್ಟ್‌ಗೆ: ಅಕ್ಷರದ ತೊಂದರೆ

ಡಿಟಿಪಿಯವರು ಕೊಟ್ಟ ಫೈಲು ನುಡಿ ಅಥವಾ ಶ್ರೀಲಿಪಿಯ ಹಳೇ ಫಾಂಟ್‌ನಲ್ಲಿದ್ದರೆ, ಅಲ್ಲಿಂದ ನಕಲು ಮಾಡಿ ಅಂಟಿಸಿದಾಗ ಅಕ್ಷರ ಕೆಡುತ್ತದೆ. ನುಡಿಯಲ್ಲಾದರೆ 'ಕನ್ನಡ' ಅನ್ನುವುದು ಹೀಗೆ ಕಾಣುತ್ತದೆ:

```
PÀ£ÀßqÀ
```

ಇದನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಇವೆ. ಬದಲಿಸಿದ ಮೇಲೆ ಒಂದು ಸಲ ನಿಧಾನವಾಗಿ ಓದಿ. ತಪ್ಪು ಸೇರುವುದು ಕೆಲವೇ ಜಾಗದಲ್ಲಿ. ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಹಾರಿರುತ್ತದೆ. ಸೊನ್ನೆ ಇರಬೇಕಾದಲ್ಲಿ ಕನ್ನಡದ ಅಂಕಿ ೦ ಬಂದು ಕೂತಿರುತ್ತದೆ. ಕಣ್ಣಿಗೆ ಎರಡೂ ಒಂದೇ ಥರ ಕಂಡರೂ ಹುಡುಕಿದಾಗ ಪದ ಸಿಗುವುದಿಲ್ಲ. ಉದ್ಧರಣ ಚಿಹ್ನೆ ಬೇರೇನೋ ಆಗಿರುತ್ತದೆ. ನೂರು ಪದದ ಭಾಗವಾದರೆ ನನ್ನ ಸಲಹೆ, ಪರಿವರ್ತಕ ಬಿಟ್ಟು ಕೈಯಲ್ಲೇ ಟೈಪ್ ಮಾಡಿಬಿಡಿ. ಹತ್ತು ನಿಮಿಷದ ಕೆಲಸ. ಟೈಪ್ ಮಾಡುವಾಗ ಕರಡಿನಲ್ಲಿ ಉಳಿದ ತಪ್ಪೂ ಕೆಲವೊಮ್ಮೆ ಸಿಗುತ್ತದೆ.

ಆಯ್ದ ಭಾಗವನ್ನು ಫೇಸ್‌ಬುಕ್‌ನಲ್ಲಿ ಅಕ್ಷರವಾಗಿಯೇ ಹಾಕಿ, ಚಿತ್ರವಾಗಿ ಅಲ್ಲ. ಚಿತ್ರದೊಳಗಿನ ಕನ್ನಡವನ್ನು ನಕಲು ಮಾಡಿ ಗೆಳೆಯರಿಗೆ ಕಳಿಸುವುದು ಕಷ್ಟ. ಕಣ್ಣು ಕಾಣದ ಓದುಗರ ಫೋನು ಅದನ್ನು ಸರಿಯಾಗಿ ಓದಿ ಹೇಳಲಾರದು. ವಾಟ್ಸಾಪ್ ಸ್ಟೇಟಸ್‌ಗೆ, ಇನ್‌ಸ್ಟಾಗ್ರಾಂಗೆ ಮಾತ್ರ ಚಿತ್ರ ಬೇಕು. ಅದಕ್ಕೆ ಇಡೀ ಭಾಗ ತುರುಕಬೇಡಿ. ನಮ್ಮ ಉದಾಹರಣೆಯಲ್ಲಿ ಕೊನೆಯ ಮೂರು ಪ್ಯಾರಾ ಸಾಕು, 'ನಮ್ ಗದ್ದೇಲಿ ಕಬ್ಬು ಕಡ್ದು' ಅನ್ನುವಲ್ಲಿಂದ. Noto Serif Kannada, Tiro Kannada ಇವೆರಡೂ ಉಚಿತ, ಸಣ್ಣ ಪರದೆಯಲ್ಲೂ ಓದಲು ಹಿತ. ಒತ್ತಕ್ಷರ ಒಡೆದಿದೆಯೇ ಅಂತ 'ಸ್ತ್ರೀ', 'ಕಾರ್ಯ', 'ರಾಷ್ಟ್ರ' ಈ ಮೂರು ಪದ ಬರೆದು ನೋಡಿ. ಇನ್‌ಡಿಸೈನ್‌ನಲ್ಲಿ ಒಡೆದರೆ ಪ್ಯಾರಾ ಸೆಟ್ಟಿಂಗ್‌ನಲ್ಲಿ World-Ready Paragraph Composer ಆರಿಸಿ, ಸರಿಹೋಗುತ್ತದೆ.

ಮುಂಗಡ ಬುಕಿಂಗ್ ಪೋಸ್ಟ್

ಜುಲೈ 3ರ ಪೋಸ್ಟ್ ಓದಿದವರಿಗೆ ಒಂದು ಪ್ರಶ್ನೆಯೂ ಉಳಿಯಬಾರದು. ಎಷ್ಟು, ಎಲ್ಲಿಗೆ, ಯಾವತ್ತಿನವರೆಗೆ, ಪುಸ್ತಕ ಯಾವಾಗ ಬರುತ್ತದೆ. ಇದರ ಜೊತೆಗೆ ಮಾಡಬೇಕಾದ ಕೆಲಸ ಒಂದೇ ಇರಬೇಕು. 'ಕಾಮೆಂಟ್ ಮಾಡಿ, ಇಲ್ಲವೇ ಫಾರಂ ತುಂಬಿ, ಇಲ್ಲವೇ ಕರೆ ಮಾಡಿ' ಅಂದರೆ ಜನ ಆಮೇಲೆ ನೋಡೋಣ ಅಂತ ಬಿಡುತ್ತಾರೆ. ನಮ್ಮ ಓದುಗರಿಗೆ ಎಲ್ಲಕ್ಕಿಂತ ಸುಲಭ ವಾಟ್ಸಾಪ್ ಮೆಸೇಜು. ಹಾಗಾಗಿ ಎಲ್ಲ ದಾರಿಯೂ ಅಲ್ಲಿಗೇ ಹೋಗಲಿ.

ಒತ್ತಿದರೆ ನೇರವಾಗಿ ನಿಮ್ಮ ವಾಟ್ಸಾಪ್ ತೆರೆದು, ಸಂದೇಶವೂ ಬರೆದೇ ಇರುವಂಥ ಲಿಂಕ್ ಹೀಗೆ ಮಾಡಬಹುದು:

```
https://wa.me/91XXXXXXXXXX?text=KOPPARIGE%20F
```

91ರ ಮುಂದೆ ನಿಮ್ಮ ಹತ್ತು ಅಂಕಿಯ ನಂಬರ್, ನಡುವೆ ಜಾಗ ಬಿಡದೆ, ಪ್ಲಸ್ ಚಿಹ್ನೆ ಹಾಕದೆ. %20 ಅಂದರೆ ಪದಗಳ ನಡುವಿನ ಖಾಲಿ ಜಾಗ. ಕನ್ನಡದಲ್ಲೂ ಬರೆಯಬಹುದು, ಆದರೆ ಲಿಂಕ್ ಮೂರು ಸಾಲಿನಷ್ಟು ಉದ್ದವಾಗಿ ಗಾಬರಿ ಹುಟ್ಟಿಸುತ್ತದೆ. ಕೊನೆಯ ಅಕ್ಷರ ನಿಮ್ಮ ಲೆಕ್ಕಕ್ಕೆ: ಫೇಸ್‌ಬುಕ್‌ಗೆ F, ವಾಟ್ಸಾಪ್ ಗುಂಪುಗಳಿಗೆ W, ಇನ್‌ಸ್ಟಾಗ್ರಾಂಗೆ I. ಯಾವ ಕಡೆಯಿಂದ ಆರ್ಡರ್ ಬಂತು ಅಂತ ಬೇರೇನೂ ಮಾಡದೆ ತಿಳಿಯುತ್ತದೆ. ಇನ್‌ಸ್ಟಾಗ್ರಾಂನಲ್ಲಿ ಪೋಸ್ಟ್‌ನ ಕೆಳಗೆ ಬರೆದ ಲಿಂಕ್ ಒತ್ತಿದರೆ ತೆರೆಯುವುದಿಲ್ಲ. ಅಲ್ಲಿ ಲಿಂಕನ್ನು ನಿಮ್ಮ ಪರಿಚಯದ ಜಾಗದಲ್ಲಿಡಿ.

ಪೋಸ್ಟ್ ಹೀಗಿರಬಹುದು:

> ಆ ಗದ್ದೆಗೆ ಈ ಮನೆಯವರು ಕಾಲಿಡದೆ ಹನ್ನೊಂದು ವರ್ಷವಾಗಿತ್ತು.
>
> 'ಕೊನೆಯ ಕೊಪ್ಪರಿಗೆ', ಕಾದಂಬರಿ, 208 ಪುಟ. ಮುಂಗಡ ಬುಕಿಂಗ್ ಇವತ್ತಿನಿಂದ.
>
> ಒಂದು ಪ್ರತಿಗೆ 250 ರೂ. ಎರಡಕ್ಕೆ 450 ರೂ. ಅಂಚೆ ವೆಚ್ಚ ನಮ್ಮದು, ಭಾರತದ ಯಾವ ಊರಿಗಾದರೂ.
>
> ಕೆಳಗಿನ ಲಿಂಕ್ ಒತ್ತಿ, ತೆರೆದ ಸಂದೇಶವನ್ನು ಕಳಿಸಿ. ಮುಂದಿನದನ್ನು ನಾವು ಹೇಳುತ್ತೇವೆ.
>
> ಕೊನೆಯ ದಿನ ಜುಲೈ 19, ಭಾನುವಾರ ರಾತ್ರಿ. ಪುಸ್ತಕ ಜುಲೈ 27, ಸೋಮವಾರ ಅಂಚೆಗೆ ಬೀಳುತ್ತದೆ.

ಮೊದಲ ಸಾಲು ಮೂರು ದಿನದ ಹಿಂದಿನ ಆಯ್ದ ಭಾಗದ ಕೊನೆಯ ಸಾಲೇ. ಅದನ್ನು ಓದಿದ್ದವರಿಗೆ ನೆನಪಾಗುತ್ತದೆ, ಓದದವರಿಗೆ ಇದೇ ಹೊಸದು. 'ಸೀಮಿತ ಪ್ರತಿಗಳು ಮಾತ್ರ' ಅಂತ ಬರೆಯಬೇಡಿ. 500 ಪ್ರತಿ ಅಚ್ಚಾಗುತ್ತಿದೆ ಅಂತ ಓದುಗರಿಗೆ ಗೊತ್ತಿರುತ್ತದೆ. ಅವಸರ ಮಾಡಿಸಬೇಕಾದರೆ ಅದಕ್ಕೆ ನಿಜವಾದ ಕಾರಣ ಕೊಡಿ: 19ರೊಳಗೆ ಹೇಳಿದವರ ಪ್ರತಿಗೆ ಲೇಖಕರು ಸಹಿ ಹಾಕಿ ಕೊಡುತ್ತಾರೆ. ಇದನ್ನು ಹೇಳುವ ಮುಂಚೆ ಲೇಖಕರು ಮೈಸೂರಿಗೆ ಬಂದು ನೂರೈವತ್ತು ಸಹಿ ಹಾಕಲು ಒಪ್ಪಿದ್ದಾರೆಯೇ ಅಂತ ಖಾತ್ರಿ ಮಾಡಿಕೊಳ್ಳಿ.

ಮೆಸೇಜು ಬಂದ ಮೇಲೆ

ವಾಟ್ಸಾಪ್ ಬಿಸಿನೆಸ್ ಹಾಕಿಕೊಳ್ಳಿ. ಅದರಲ್ಲಿ ಸಿದ್ಧ ಉತ್ತರಗಳನ್ನು ಇಟ್ಟುಕೊಳ್ಳಬಹುದು, ಮಾತುಕತೆಗಳಿಗೆ ಲೇಬಲ್ ಅಂಟಿಸಬಹುದು. ಸಿದ್ಧ ಉತ್ತರ ಹೀಗಿರಲಿ:

> ನಮಸ್ಕಾರ. ಒಂದು ಪ್ರತಿಗೆ 250, ಎರಡಕ್ಕೆ 450. ಯುಪಿಐ ಐಡಿ ಕೆಳಗಿದೆ. ದುಡ್ಡು ಕಳಿಸಿದ ಮೇಲೆ ಹೆಸರು, ವಿಳಾಸ, ಪಿನ್ ಕೋಡ್, ಫೋನ್ ನಂಬರ್ ಟೈಪ್ ಮಾಡಿ ಕಳಿಸಿ.

ಯುಪಿಐ ಐಡಿಯನ್ನು ಇದರ ಹಿಂದೆಯೇ ಪ್ರತ್ಯೇಕ ಸಂದೇಶವಾಗಿ ಕಳಿಸಿ. ಆಗ ಒತ್ತಿ ಹಿಡಿದರೆ ಅದಷ್ಟೇ ನಕಲಾಗುತ್ತದೆ. ಬರೀ ಕ್ಯೂಆರ್ ಚಿತ್ರ ಕಳಿಸಿದರೆ, ಅದೇ ಫೋನಿನಲ್ಲಿ ನೋಡುತ್ತಿರುವವರು ಸ್ಕ್ಯಾನ್ ಮಾಡುವುದು ಹೇಗೆ? ದುಡ್ಡು ಕಳಿಸುವಾಗ ಪರದೆಯಲ್ಲಿ ಬರುವ ಹೆಸರು ಪ್ರಕಾಶನದ್ದಲ್ಲ, ಮನೆಯವರದ್ದು ಆಗಿದ್ದರೆ ಅದನ್ನೂ ಮೊದಲೇ ಹೇಳಿ. ಗೊತ್ತಿಲ್ಲದ ಹೆಸರು ಕಂಡರೆ ಜನ ಅಲ್ಲೇ ನಿಲ್ಲಿಸುತ್ತಾರೆ. ನಿಲ್ಲಿಸುವುದು ಸರಿಯೂ ಹೌದು.

ಬಂದ ದುಡ್ಡನ್ನು ಸ್ಕ್ರೀನ್‌ಶಾಟ್ ನೋಡಿ ಒಪ್ಪಬೇಡಿ. ದಿನಾ ರಾತ್ರಿ ಬ್ಯಾಂಕ್ ಖಾತೆಯ ಪಟ್ಟಿ ತೆಗೆದು, ಯುಪಿಐನ 12 ಅಂಕಿಯ ಸಂಖ್ಯೆಯನ್ನು ತಾಳೆ ನೋಡಿ. ಒಂದು ಶೀಟ್‌ನಲ್ಲಿ ಹೆಸರು, ವಿಳಾಸ, ಪಿನ್, ಫೋನ್, ಪ್ರತಿಗಳು, ದುಡ್ಡು ಬಂದ ದಿನ, ಆ ಸಂಖ್ಯೆ, ಎಲ್ಲಿಂದ ಬಂದವರು ಅನ್ನುವ ಅಕ್ಷರ ಇಷ್ಟು ಕಾಲಂ ಸಾಕು. ಕೊನೆಗೆ ಅಂಚೆಯ ಟ್ರ್ಯಾಕಿಂಗ್ ನಂಬರಿಗೆ ಒಂದು ಕಾಲಂ ಖಾಲಿ ಬಿಡಿ. ಪಿನ್ ಕೋಡ್ ಇಲ್ಲದ ವಿಳಾಸವನ್ನು ಅವತ್ತೇ ಕೇಳಿ ತುಂಬಿಸಿ.

ಮೈಸೂರು, ಮಂಡ್ಯದ ಓದುಗರಿಗೆ ಇನ್ನೊಂದು ಬೆಲೆ ಇಡಬಹುದು: ಕಾರ್ಯಕ್ರಮದಲ್ಲಿ ಕೈಯಾರೆ ತೆಗೆದುಕೊಂಡರೆ 200. ಅಂಚೆ ಖರ್ಚಿಲ್ಲದ್ದರಿಂದ ನಮಗೆ ಪೂರ್ತಿ 200 ಉಳಿಯುತ್ತದೆ. ಆದರೆ ಇದನ್ನು ಮುಖ್ಯ ಪೋಸ್ಟ್‌ನಲ್ಲಿ ಹಾಕಬೇಡಿ, ಮೂರು ಬೆಲೆ ನೋಡಿ ಜನ ಗೊಂದಲಕ್ಕೆ ಬೀಳುತ್ತಾರೆ. ಊರಿನ ವಾಟ್ಸಾಪ್ ಗುಂಪುಗಳಿಗೆ, ಕಾಲೇಜಿನ ಕನ್ನಡ ಮೇಷ್ಟ್ರುಗಳಿಗೆ ಬೇರೆಯಾಗಿ ಕಳಿಸಿ. ವಾಟ್ಸಾಪ್ ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ 256 ಜನರವರೆಗೆ ಸೇರಿಸಬಹುದು, ಆದರೆ ನಿಮ್ಮ ನಂಬರನ್ನು ಉಳಿಸಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ಹಾಗಾಗಿ ಹಣ ಬಂದ ಪ್ರತಿಯೊಬ್ಬರಿಗೂ 'ಈ ನಂಬರನ್ನು ಪ್ರಕಾಶನದ ಹೆಸರಲ್ಲಿ ಉಳಿಸಿಕೊಳ್ಳಿ' ಅಂತ ಒಂದು ಮಾತು ಹೇಳಿ. ಎರಡನೇ ಪುಸ್ತಕದ ಹೊತ್ತಿಗೆ ಇದರ ಬೆಲೆ ಗೊತ್ತಾಗುತ್ತದೆ.

ಎಲ್ಲಿ ಸೋರುತ್ತಿದೆ

ಬುಕಿಂಗ್ ತೆರೆದು ನಾಲ್ಕು ದಿನಕ್ಕೆ ನಿಂತು ನೋಡಿ. ಆಯ್ದ ಭಾಗಕ್ಕೆ ಮೆಚ್ಚುಗೆ ಕಡಿಮೆ, ಹಂಚಿಕೊಂಡವರೂ ಇಲ್ಲ ಅಂದರೆ ಭಾಗವೇ ಸರಿಯಿಲ್ಲ. 10ನೇ ತಾರೀಖಿನವರೆಗೆ ಕಾಯಬೇಡಿ, ಪೆನ್ಸಿಲ್ ಗುರುತಿನ ಪಟ್ಟಿಯಿಂದ ಮುಂದಿನದನ್ನು ಹಾಕಿ.

ಭಾಗವನ್ನು ಜನ ಹಂಚಿಕೊಂಡಿದ್ದಾರೆ, ಆದರೆ ವಾಟ್ಸಾಪ್‌ಗೆ ಯಾರೂ ಬಂದಿಲ್ಲ ಅಂದರೆ ದಾರಿಯಲ್ಲಿ ತೊಂದರೆ ಇದೆ. ಬೇರೊಬ್ಬರ ಫೋನಿನಿಂದ ಲಿಂಕ್ ಒತ್ತಿ ನೋಡಿ. ನಂಬರಿನ ಒಂದು ಅಂಕಿ ತಪ್ಪಿರುವುದು ಅಪರೂಪವೇನಲ್ಲ. ಪೋಸ್ಟ್‌ಗೆ 'ಅಭಿನಂದನೆ ಸರ್' ಅಂತ ಹಾಕಿದವರಿಗೆ ಬರೀ ಕೈಮುಗಿದ ಚಿತ್ರ ಹಾಕಿ ಬಿಡಬೇಡಿ. 'ಧನ್ಯವಾದ ಮೇಡಂ, ನಿಮಗೊಂದು ಪ್ರತಿ ಎತ್ತಿಡಲೇ?' ಅಂತ ಕೇಳಿ. ಕೇಳುವುದರಲ್ಲಿ ಸಂಕೋಚ ಬೇಡ. ಓದುವವರನ್ನೇ ಕೇಳುತ್ತಿದ್ದೀರಿ.

ಮೆಸೇಜು ಬಂದಿದೆ, ದುಡ್ಡು ಬಂದಿಲ್ಲ ಅಂದರೆ ಅಡ್ಡಿ ಇರುವುದು ಕೊನೆಯ ಹೆಜ್ಜೆಯಲ್ಲಿ. ಬಹುತೇಕ ನೀವು ಉತ್ತರ ಕೊಡಲು ತಡ ಮಾಡಿರುತ್ತೀರಿ. ರಾತ್ರಿ ಒಂಬತ್ತಕ್ಕೆ ಕೇಳಿದವರಿಗೆ ಮರುದಿನ ಮಧ್ಯಾಹ್ನ ಹೇಳಿದರೆ ಆ ಮನಸ್ಸು ಇರುವುದಿಲ್ಲ. ಇಂಥವರಿಗೆ ಎರಡು ದಿನ ಬಿಟ್ಟು ಒಂದೇ ಒಂದು ಸಲ ನೆನಪಿಸಿ. ಮತ್ತೆ ಮತ್ತೆ ಕೇಳಿದರೆ ಕಿರಿಕಿರಿ.

17ರ ನೆನಪೋಲೆಗೆ ಹೊಸ ವಿಷಯ ಬೇಕು. ಸುಮ್ನೆ 'ಇನ್ನೆರಡೇ ದಿನ' ಅಂದರೆ ಯಾರೂ ತಲೆ ಎತ್ತುವುದಿಲ್ಲ. ಪ್ರೆಸ್‌ಗೆ ಹೋಗಿ, ಅಚ್ಚಾಗಿ ಮಡಚಿದ ಹಾಳೆಗಳ ಕಟ್ಟಿನ ಫೋಟೊ ತೆಗೆಯಿರಿ. ಆ ಫೋಟೊ, ಎರಡು ವಾಕ್ಯ, ಅದೇ ಲಿಂಕ್, ಅದೇ ಕೊನೆಯ ದಿನ. ಪುಸ್ತಕ ನಿಜವಾಗಿ ಅಚ್ಚಾಗುತ್ತಿದೆ ಅನ್ನುವುದು ಕಣ್ಣಿಗೆ ಕಂಡಾಗ, ಅನುಮಾನದಲ್ಲಿ ನಿಂತಿದ್ದವರು ದುಡ್ಡು ಕಳಿಸುತ್ತಾರೆ.

ಅಂಚೆಗೆ ಹಾಕಿದ ದಿನ

ಜುಲೈ ಮಳೆಗಾಲ. ಪುಸ್ತಕವನ್ನು ಮೊದಲು ಪ್ಲಾಸ್ಟಿಕ್ ಕವರಿಗೆ ಹಾಕಿ, ಆಮೇಲೆ ರಟ್ಟು. ಮೂಲೆ ಮಡಚದಂತೆ ರಟ್ಟು ಪುಸ್ತಕಕ್ಕಿಂತ ಅರ್ಧ ಇಂಚು ದೊಡ್ಡದಿರಲಿ. 130 ಪೊಟ್ಟಣ ಒಟ್ಟಿಗೆ ಕೌಂಟರಿಗೆ ತೆಗೆದುಕೊಂಡು ಹೋಗುವ ಮುಂಚೆ ಅಂಚೆ ಕಚೇರಿಯಲ್ಲಿ ಹಿಂದಿನ ದಿನವೇ ಮಾತಾಡಿ, ಜನ ಕಡಿಮೆ ಇರುವ ಹೊತ್ತು ಕೇಳಿಕೊಳ್ಳಿ.

ಸಂಜೆ ಪ್ರತಿಯೊಬ್ಬರಿಗೂ ಅವರವರ ಟ್ರ್ಯಾಕಿಂಗ್ ನಂಬರ್ ಕಳಿಸಿ. ಬೇಸರದ ಕೆಲಸ, ಆದರೆ 'ನನ್ನ ಪುಸ್ತಕ ಎಲ್ಲಿ' ಅನ್ನುವ ಕರೆಗಳನ್ನು ಇದೊಂದೇ ತಡೆಯುತ್ತದೆ. ಪ್ರೆಸ್ ತಡಮಾಡಿ 27ಕ್ಕೆ ಆಗುವುದಿಲ್ಲ ಅಂತ ಗೊತ್ತಾದರೆ, 27ಕ್ಕೆ ಕಾಯದೆ ಗೊತ್ತಾದ ದಿನವೇ ಹೊಸ ದಿನಾಂಕ ಹೇಳಿ. ಬೇಡ ಅನ್ನುವವರಿಗೆ ದುಡ್ಡು ಅವತ್ತೇ ವಾಪಸ್ ಕೊಡುತ್ತೇವೆ ಅಂತಲೂ ಬರೆಯಿರಿ. ವಾಪಸ್ ಕೇಳುವವರು ತೀರಾ ಕಡಿಮೆ.

ಪುಸ್ತಕ ತಲುಪಿದವರಲ್ಲಿ ಕೆಲವರು ಫೋಟೊ ಹಾಕುತ್ತಾರೆ. ಅವರ ಒಪ್ಪಿಗೆ ಕೇಳಿ ಅದನ್ನು ಹಂಚಿಕೊಳ್ಳಿ, ಕೆಳಗೆ ಅದೇ ವಾಟ್ಸಾಪ್ ಲಿಂಕ್ ಹಾಕಿ. ಕೊನೆಯ ಅಕ್ಷರವನ್ನು F ತೆಗೆದು R ಮಾಡಿ. ಮುಂಗಡದ ಅವಧಿ ಮುಗಿದಿರುವುದರಿಂದ ಸಿದ್ಧ ಉತ್ತರದಲ್ಲಿ ಹೊಸ ಬೆಲೆ ಬರೆಯುವುದನ್ನು ಮರೆಯಬೇಡಿ: 250, ಅಂಚೆ ವೆಚ್ಚ ಬೇರೆ.